ಪ್ರಯಾಣಿಕರು ಸಾಕ್ಷಿ ಹೇಳಲು ಬರದಿದ್ದರೂ ಆರೋಪ ಸಾಬೀತಾದೀತೇ?
ಇಲಾಖಾ ವಿಚಾರಣೆಯಲ್ಲಿ ಸಾಕ್ಷ್ಯವನ್ನು ದಾಖಲಿಸುವುದು, ತೂಗುವುದು ಹೇಗೆ

ಮೊದಲ ಸಲ ವಿಚಾರಣಾಧಿಕಾರಿಯಾಗಿ ಕೂತವರನ್ನು ಹೆಚ್ಚು ಗಲಿಬಿಲಿಗೊಳಿಸುವ ಆಕ್ಷೇಪಣೆ ಒಂದಿದೆ: ‘ಸ್ವಾಮಿ, ಇದು ಯಾರೋ ಹೇಳಿದ್ದನ್ನು ಕೇಳಿದ ಮಾತು. ದಾಖಲಿಸಬೇಡಿ.’ ಕೋರ್ಟಿನಲ್ಲಾದರೆ ಈ ಮಾತಿಗೆ ತೂಕವಿದೆ. ಇಲಾಖಾ ವಿಚಾರಣೆಯಲ್ಲಿ ಅದೊಂದೇ ಕಾರಣಕ್ಕೆ ಸಾಕ್ಷ್ಯವನ್ನು ಹೊರಗಿಡಬೇಕಾಗಿಲ್ಲ. ಹಾಗೆಂದು ಕಡತಕ್ಕೆ ಬಂದದ್ದೆಲ್ಲ ಸಾಕ್ಷ್ಯವೂ ಅಲ್ಲ.

ಬಸ್ ಕಂಡಕ್ಟರ್ ಪ್ರಕರಣವೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ತನಿಖಾ ತಂಡ ಬಸ್ ನಿಲ್ಲಿಸುತ್ತದೆ. ಐವರ ಬಳಿ ಟಿಕೆಟ್ ಇಲ್ಲ. ತಲಾ 38 ರೂಪಾಯಿ ಕೊಟ್ಟಿದ್ದೇವೆ, ಟಿಕೆಟ್ ಕೊಡಲಿಲ್ಲ ಎನ್ನುತ್ತಾರೆ. ಬರೆದು ಸಹಿ ಹಾಕಿ ಎಂದರೆ ಒಲ್ಲೆವೆಂದು ಇಳಿದು ಹೋಗುತ್ತಾರೆ. ಟಿಕೆಟ್ ಯಂತ್ರದ ಲೆಕ್ಕ 4,260 ರೂಪಾಯಿ. ಚೀಲದಲ್ಲಿ ಸಿಕ್ಕಿದ್ದು 4,450. ಆರು ತಿಂಗಳ ಮೇಲೆ ವಿಚಾರಣೆ ಆರಂಭವಾದಾಗ ಆ ಐವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಕೋರ್ಟಿನ ಕಟ್ಟುಪಾಡು ಇಲ್ಲೇಕೆ ಇಲ್ಲ?

ಸಾಕ್ಷ್ಯ ಕಾನೂನು ನ್ಯಾಯಾಲಯಗಳ ನಡಾವಳಿಗೆ ಅನ್ವಯಿಸುವಂಥದ್ದು. 1872ರ ಕಾಯ್ದೆಯಲ್ಲೂ ಹಾಗೆಯೇ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೆಯೇ ಇದೆ. ವಿಚಾರಣಾಧಿಕಾರಿ ನ್ಯಾಯಾಧೀಶರಲ್ಲ. ನೌಕರನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವ ಮಾಲೀಕನಿಗಾಗಿ ಸತ್ಯಾಂಶ ಹುಡುಕುವವರು, ಅಷ್ಟೆ. ಇಲ್ಲಿ ಹೋಗುವುದು ನೌಕರಿ, ಜೈಲಿಗೆ ಕಳಿಸುವ ಪ್ರಶ್ನೆಯಿಲ್ಲ.

ಕಂಡಕ್ಟರ್ ಪ್ರಕರಣಗಳಲ್ಲಿ ಇಂದಿಗೂ ಉಲ್ಲೇಖವಾಗುವ ತೀರ್ಪು 1977ರ ಹರಿಯಾಣ ಸರ್ಕಾರ ವಿರುದ್ಧ ರತನ್ ಸಿಂಗ್. ಅಲ್ಲಿಯೂ ಪ್ರಯಾಣಿಕರನ್ನು ಸಾಕ್ಷಿಗಳಾಗಿ ವಿಚಾರಿಸಿರಲಿಲ್ಲ. ವಿವೇಕಿಯೊಬ್ಬ ನಂಬಿ ತೀರ್ಮಾನಕ್ಕೆ ಬರಬಹುದಾದ ಎಲ್ಲ ಸಾಮಗ್ರಿಯನ್ನೂ ನೋಡಬಹುದು. ವಿಷಯಕ್ಕೆ ಸಂಬಂಧವಿದ್ದು ನಂಬಲರ್ಹವಾಗಿದ್ದರೆ ಕೇಳಿಕೆ ಸಾಕ್ಷ್ಯಕ್ಕೂ ಅಡ್ಡಿಯಿಲ್ಲ ಎಂದಿತು ಸುಪ್ರೀಂ ಕೋರ್ಟ್. ನಮ್ಮ ಕೆಎಸ್‌ಆರ್‌ಟಿಸಿಯ ಕಂಡಕ್ಟರ್ ಒಬ್ಬರ ಪ್ರಕರಣದಲ್ಲಿ 2004ರಲ್ಲಿ ಅದೇ ನಿಲುವನ್ನು ಮತ್ತೆ ಹೇಳಿತು.

ಹೇಳಿಕೆ ಬರೆದುಕೊಳ್ಳುವಾಗ

ಅರ್ಧ ಪ್ರಕರಣಗಳು ಕೆಡುವುದು ಇಲ್ಲಿಯೇ. ತನಿಖಾಧಿಕಾರಿಯ ಹೇಳಿಕೆಯಲ್ಲಿ ‘ಐವರು ಹಣ ಕೊಟ್ಟಿದ್ದರೂ ಆಪಾದಿತರು ಟಿಕೆಟ್ ನೀಡಿರಲಿಲ್ಲ’ ಎಂದು ಒಂದೇ ಸಾಲು ಬರೆದುಬಿಟ್ಟರೆ ಅವರು ಕಂಡಿದ್ದು ಯಾವುದು, ಕೇಳಿದ್ದು ಯಾವುದು ತಿಳಿಯುವುದಿಲ್ಲ. ಹೀಗೆ ಬಿಡಿಸಿ ಬರೆಯಿರಿ: ‘ಐವರ ಬಳಿ ಟಿಕೆಟ್ ಇರಲಿಲ್ಲ, ನಾನೇ ಪರಿಶೀಲಿಸಿದೆ. ತಲಾ 38 ರೂಪಾಯಿ ಕೊಟ್ಟಿರುವುದಾಗಿ ಅವರು ನನಗೆ ಹೇಳಿದರು. ಹಾಗೆ ಹೇಳುವಾಗ ಆಪಾದಿತರು ಪಕ್ಕದಲ್ಲೇ ಇದ್ದರು. ಲಿಖಿತ ಹೇಳಿಕೆ ಕೊಡಲು ಪ್ರಯಾಣಿಕರು ಒಪ್ಪಲಿಲ್ಲ. ಚೀಲದ ಹಣ ನಾನು ಎಣಿಸಿದೆ.’

ಐದು ವಾಕ್ಯಗಳಲ್ಲಿ ಕೇಳಿಕೆ ಸಾಕ್ಷ್ಯ ಒಂದೇ ಒಂದು. ಉಳಿದ ನಾಲ್ಕೂ ಸ್ವಂತ ಅರಿವಿನವು, ಪಾಟೀ ಸವಾಲಿಗೆ ನೇರವಾಗಿ ಸಿಗುವಂಥವು. ರತನ್ ಸಿಂಗ್ ತೀರ್ಪನ್ನು ‘ಪ್ರಯಾಣಿಕರು ಬೇಕಿಲ್ಲ’ ಎಂದಷ್ಟೇ ಓದಿಕೊಂಡವರು ಈ ನಾಲ್ಕನ್ನು ದಾಖಲಿಸುವುದನ್ನೇ ಮರೆಯುತ್ತಾರೆ.

ಆಮೇಲೆ ಆ ಒಂದು ವಾಕ್ಯಕ್ಕೆ ಊರುಗೋಲು ಹುಡುಕಬೇಕು. ಐದು ಟಿಕೆಟ್‌ಗೆ 190 ರೂಪಾಯಿ. ಚೀಲದಲ್ಲಿ ಹೆಚ್ಚಿಗೆ ಇದ್ದದ್ದೂ 190. ಪ್ರಯಾಣಿಕರ ಮಾತಿಗೆ ಚೀಲವೇ ಸಾಕ್ಷಿ ನುಡಿಯುತ್ತಿದೆ. ಯಂತ್ರದ ವರದಿ, ಸ್ಥಳದಲ್ಲಿ ಬರೆದ ಮೆಮೊ, ಕಂಡಕ್ಟರ್ ಕೊಟ್ಟ ಸಮಜಾಯಿಷಿ ಇವನ್ನೂ ಸಾಕ್ಷಿಯ ಮೂಲಕವೇ ಗುರುತು ಮಾಡಿಸಬೇಕು. ‘ಆ ಹಣ ನನ್ನ ಸ್ವಂತದ್ದು’ ಎಂದು ಕಂಡಕ್ಟರ್ ಹೇಳಿದರೆ, ಕರ್ತವ್ಯಕ್ಕೆ ಹೊರಡುವಾಗ ಸ್ವಂತ ಹಣವನ್ನು ಘೋಷಿಸಿದ್ದರೇ ಎಂದು ದಾಖಲೆ ತರಿಸಿ ನೋಡಿ.

ಲೆಕ್ಕ ಬೇರೆಯಾಗಿದ್ದರೆ? ಚೀಲದಲ್ಲಿ ಹೆಚ್ಚಿಗೆ ಏನೂ ಇಲ್ಲ, ತನಿಖಾ ತಂಡ ಹತ್ತುವ ಹೊತ್ತಿಗೆ ಬಸ್ ಆ ಐವರು ಹತ್ತಿದ ನಿಲ್ದಾಣ ಬಿಟ್ಟು ಇನ್ನೂ ಎರಡು ನಿಮಿಷವಾಗಿಲ್ಲ, ಕಂಡಕ್ಟರ್ ಹಿಂಬದಿಯಲ್ಲಿ ಟಿಕೆಟ್ ಕೊಡುತ್ತಿದ್ದಾರೆ ಎಂದುಕೊಳ್ಳಿ. ಆಗ ಅದೇ ಕೇಳಿಕೆ ಮಾತು ಒಂಟಿಯಾಗಿ ನಿಲ್ಲುತ್ತದೆ. ಅದನ್ನು ದಾಖಲಿಸಿದ್ದು ತಪ್ಪಲ್ಲ; ಅದರ ಮೇಲೆ ಹಣ ದುರುಪಯೋಗದ ತೀರ್ಮಾನ ನಿಲ್ಲಿಸುವುದು ಕಷ್ಟ.

ಹಿಂದೆಯೇ ಬರೆದಿಟ್ಟ ಹೇಳಿಕೆಗಳು

ಪ್ರಾಥಮಿಕ ತನಿಖೆಯಲ್ಲಿ ನೌಕರನ ಬೆನ್ನ ಹಿಂದೆ ಪಡೆದ ಹೇಳಿಕೆಯನ್ನು ಬಳಸಬಹುದೇ? ಮೈಸೂರು ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ. ಸಾಕ್ಷಿಯನ್ನು ನೌಕರನ ಎದುರಿಗೆ ಕರೆಸಿ, ಹಳೆಯ ಹೇಳಿಕೆಯನ್ನು ಓದಿ ಹೇಳಿ, ‘ನನ್ನದೇ’ ಎಂದು ಒಪ್ಪಿದರೆ ಗುರುತು ಮಾಡಿ, ಪ್ರತಿ ಕೊಟ್ಟು, ಪಾಟೀ ಸವಾಲಿಗೆ ಬಿಟ್ಟರೆ ಸಾಕು. ಪ್ರತಿ ಸಾಲನ್ನೂ ಹೊಸದಾಗಿ ಹೇಳಿಸಬೇಕಿಲ್ಲ. ಪ್ರತಿ ಕೊಟ್ಟ ಕೂಡಲೇ ‘ಕೇಳಿ ಪ್ರಶ್ನೆ’ ಎನ್ನಬೇಡಿ. ಓದಿಕೊಳ್ಳಲು ಒಂದು ದಿನಾಂಕ ಕೊಟ್ಟರೆ ಮುಂದೆ ಆಕ್ಷೇಪಣೆಗೆ ಆಸ್ಪದವಿರುವುದಿಲ್ಲ.

ಪೊಲೀಸ್ ಕಾಗದಗಳ ವಿಷಯದಲ್ಲಿ ಎಡವುವವರು ಬಹಳ. ರೂಪ್ ಸಿಂಗ್ ನೇಗಿ ವಿರುದ್ಧ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಪೊಲೀಸರು ತನಿಖೆಯಲ್ಲಿ ಸಂಗ್ರಹಿಸಿದ ಕಾಗದಗಳನ್ನು ವಿಚಾರಣೆಯಲ್ಲಿ ಹಾಜರುಪಡಿಸಲಾಯಿತು, ಅವುಗಳಲ್ಲಿ ಇರುವುದು ನಿಜವೆಂದು ಹೇಳುವ ಸಾಕ್ಷಿಯನ್ನು ಕರೆಸಲಿಲ್ಲ. ಎಫ್‌ಐಆರ್ ತನ್ನಷ್ಟಕ್ಕೆ ಸಾಕ್ಷ್ಯವಲ್ಲ, ಕಾಗದ ಹಾಜರುಪಡಿಸಿದ ಮಾತ್ರಕ್ಕೆ ಒಳಗಿನ ವಿಷಯ ಸಾಬೀತಾಗದು ಎಂದು ಹೇಳಿ ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ರದ್ದುಮಾಡಿತು. ನಮ್ಮ ತನಿಖಾಧಿಕಾರಿಗೂ ಆ ಎಫ್‌ಐಆರ್‌ಗೂ ಇರುವ ವ್ಯತ್ಯಾಸ ಸರಳ: ತನಿಖಾಧಿಕಾರಿಯನ್ನು ಪ್ರಶ್ನಿಸಬಹುದು, ಕಾಗದವನ್ನು ಪ್ರಶ್ನಿಸಲಾಗದು.

ಎಷ್ಟು ಪುರಾವೆ ಸಾಕು?

ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಾತೀತವಾಗಿ ಸಾಬೀತಾಗಬೇಕು. ಇಲ್ಲಿ ಎರಡು ಕಡೆಯ ವಿವರಣೆಗಳನ್ನು ಪಕ್ಕಪಕ್ಕ ಇಟ್ಟಾಗ ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೇ ಅಳತೆ. ಹೀಗಾಗಿ ಕೋರ್ಟಿನಲ್ಲಿ ಖುಲಾಸೆಯಾದವರ ಮೇಲೂ ಇಲಾಖೆಯಲ್ಲಿ ಆರೋಪ ಸಾಬೀತಾಗಬಹುದು. ಇದಕ್ಕೂ ಮಿತಿಯಿದೆ. ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್ ನೌಕರರೊಬ್ಬರ ಮೇಲಿನ ಎರಡೂ ನಡಾವಳಿಗಳು ಒಂದೇ ಪೊಲೀಸ್ ದಾಳಿಯ ಮೇಲೆ, ಅದೇ ಸಾಕ್ಷಿಗಳ ಮೇಲೆ ನಿಂತಿದ್ದವು. ದಾಳಿಯೇ ಸಾಬೀತಾಗಲಿಲ್ಲವೆಂದು ಕೋರ್ಟು ಖುಲಾಸೆ ಮಾಡಿದ ಮೇಲೆ ವಜಾ ಆದೇಶ ಉಳಿಯದೆಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಳತೆ ಸಡಿಲವೆಂದರೆ ಅನುಮಾನವೇ ಸಾಕು ಎಂದಲ್ಲ. ಅನುಮಾನ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗಕ್ಕೆ ಬರದು ಎಂದು 1960ರ ದಶಕದಲ್ಲೇ ತೀರ್ಮಾನವಾಗಿದೆ. ವರದಿ ಬರೆಯುವಾಗ ‘ಆಪಾದಿತರ ಹಿಂದಿನ ನಡತೆ ನೋಡಿದರೆ’ ಎಂಬ ಸಾಲು ನಿಮ್ಮ ಲೇಖನಿಯಿಂದ ಹೊರಬಿದ್ದರೆ ಅಲ್ಲಿಯೇ ನಿಲ್ಲಿಸಿ. ಬಹುತೇಕ ಸಂದರ್ಭಗಳಲ್ಲಿ ಅದು ಪುರಾವೆಯ ಕೊರತೆ ತುಂಬಲು ಬಂದ ಸಾಲು. ಹಿಂದಿನ ನಡತೆ ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ್ದು, ಅದೂ ನೌಕರನಿಗೆ ತಿಳಿಸಿದ ಮೇಲೆ.

ವರದಿಯಲ್ಲಿ ಪ್ರತಿ ಆರೋಪಕ್ಕೂ ಯಾವ ಸಾಕ್ಷಿ, ಯಾವ ದಾಖಲೆ, ರಕ್ಷಣಾ ವಾದ ಏನು, ಅದನ್ನು ಏಕೆ ಒಪ್ಪಲಿಲ್ಲ ಎಂದು ಬರೆಯಬೇಕು. ರಿಟ್ ಅರ್ಜಿ ಬಂದಾಗ ಹೈಕೋರ್ಟ್ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ತೀರ್ಮಾನಕ್ಕೆ ಆಧಾರವಾಗುವ ಸಾಕ್ಷ್ಯ ಸ್ವಲ್ಪವಾದರೂ ಇದೆಯೇ, ನೌಕರನಿಗೆ ಅವಕಾಶ ಸಿಕ್ಕಿತೇ ಎಂದು ನೋಡುತ್ತದೆ.

ನೌಕರ ಬಾರದೇ ಹೋದರೆ? ‘ಗೈರುಹಾಜರಾದ್ದರಿಂದ ಆರೋಪ ಸಾಬೀತಾಗಿದೆ’ ಎಂದು ಎರಡು ಸಾಲಿನಲ್ಲಿ ಮುಗಿಸುವ ವರದಿಗಳಿಗೆ ಕೊರತೆಯಿಲ್ಲ. ಏಕಪಕ್ಷೀಯ ವಿಚಾರಣೆಯಲ್ಲೂ ತನಿಖಾಧಿಕಾರಿ ಬಂದು ಹೇಳಿಕೆ ಕೊಡಬೇಕು, ಮೆಮೊ, ಯಂತ್ರದ ವರದಿ ಗುರುತಾಗಬೇಕು. ಪಾಟೀ ಸವಾಲಿನ ಕಾಲಂನಲ್ಲಿ ಮಾತ್ರ ‘ಆಪಾದಿತರು ಗೈರು, ನೋಟಿಸ್ ಜಾರಿಯಾಗಿದೆ’ ಎಂದು ಬರೆದು, ಜಾರಿಯಾದ ದಿನಾಂಕ ನಮೂದಿಸಿ, ಅಂಚೆ ಸ್ವೀಕೃತಿಯನ್ನು ಕಡತಕ್ಕೆ ಸೇರಿಸಿ.