ಐಪಿಒಗೆ ಬ್ಲಾಕ್ ಆದ ಹಣ: ಪಾಸ್‌ಬುಕ್‌ನಲ್ಲಿ ಕಾಣುವುದೇನು, ಬಿಡುಗಡೆ ಯಾವಾಗ?

ಕಂಪನಿಯೊಂದು ಮೊದಲ ಸಲ ಜನರಿಗೆ ಷೇರು ಮಾರುವ ಐಪಿಒಗೆ ಅರ್ಜಿ ಹಾಕುವಾಗ ನಾನು ಮೊದಲು ನೋಡುವುದು ಕ್ಯಾಲೆಂಡರ್. ನನ್ನ ಮನೆ ಸಾಲದ ಕಂತು ಪ್ರತಿ ತಿಂಗಳು 10ನೇ ತಾರೀಕು, ಐಪಿಒ ಹಣ ಬ್ಲಾಕ್ ಆಗುವ ಖಾತೆಯಿಂದಲೇ ಹೋಗುತ್ತದೆ.

ಈಚೆಗೆ ಹಾಕಿದ ಒಂದು ಅರ್ಜಿಯ ಲೆಕ್ಕ ಹೇಳುತ್ತೇನೆ. ಖಾತೆಯಲ್ಲಿ 48,000 ರೂಪಾಯಿ ಇತ್ತು. 37 ಷೇರುಗಳ ಒಂದು ಲಾಟ್, ಷೇರಿಗೆ ಗರಿಷ್ಠ ಬೆಲೆ 400 ರೂಪಾಯಿ. ಎರಡು ಲಾಟ್ ಕೇಳಿದೆ. ಹಣ ತಡೆಹಿಡಿಯಲು ಒಪ್ಪಿಗೆ ಕೇಳಿ ಯುಪಿಐ ಆ್ಯಪ್‌ಗೆ ಬಂದ ಮ್ಯಾಂಡೇಟ್ ಒಪ್ಪಿದ ಮೇಲೆ 29,600 ಬ್ಲಾಕ್ ಆಯಿತು. ಈ ಒಪ್ಪಿಗೆ ಇಶ್ಯೂ ಮುಗಿಯುವ ದಿನ ಸಂಜೆ 5ರೊಳಗೆ ಆಗಿರಬೇಕು, ಇಲ್ಲದಿದ್ದರೆ ಅರ್ಜಿ ಲೆಕ್ಕಕ್ಕಿಲ್ಲ.

ಹಾಸನದ ಬಿ.ಎಂ. ರಸ್ತೆಯ ಶಾಖೆಯಲ್ಲಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಬ್ಲಾಕ್ ಬಗ್ಗೆ ಒಂದು ಸಾಲೂ ಇಲ್ಲ. ಬ್ಯಾಲೆನ್ಸ್ 48,000 ಎಂದೇ ಇತ್ತು. ಹಣ ಖಾತೆ ಬಿಟ್ಟು ಹೋಗಿಲ್ಲ ಅಲ್ವಾ, ಅದಕ್ಕೆ. ಉಳಿತಾಯ ಖಾತೆಯ ಬಡ್ಡಿಯೂ ಪೂರ್ತಿ ಮೊತ್ತಕ್ಕೆ ಸಿಗುತ್ತದೆ. ಆದರೆ ನೆಟ್‌ಬ್ಯಾಂಕಿಂಗ್‌ನಲ್ಲಿ ‘ಲೀನ್’ ಅಥವಾ ‘ಹೋಲ್ಡ್’ ಎಂದು 29,600 ಬೇರೆ ಕಾಣುತ್ತದೆ. ಬಳಸಲು ಸಿಗುವ ಮೊತ್ತ 18,400 ಮಾತ್ರ. ಚೆಕ್, ಕಂತು ಎಲ್ಲ ಈ ಮೊತ್ತದಲ್ಲೇ ನಡೆಯಬೇಕು.

ಇಶ್ಯೂ ಮುಗಿದದ್ದು 6ನೇ ತಾರೀಕು ಶುಕ್ರವಾರ. ಈಗಿನ ನಿಯಮದಂತೆ ಮುಂದಿನ ಕೆಲಸದ ದಿನ ಹಂಚಿಕೆ ತೀರ್ಮಾನ, ಎರಡನೇ ದಿನ ಹಣ ಬಿಡುಗಡೆ, ಮೂರನೇ ದಿನ ಲಿಸ್ಟಿಂಗ್, ಅಂದರೆ ಷೇರುಪೇಟೆಯಲ್ಲಿ ವಹಿವಾಟು ಶುರು. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಹಾಗಾಗಿ ಬಿಡುಗಡೆ ಬರುವುದು 10ನೇ ತಾರೀಕು ಮಂಗಳವಾರ. ಕಂತು ಬೆಳಿಗ್ಗೆಯೇ ಹೋಗಬಹುದು, ಬಿಡುಗಡೆ ಸಂಜೆಯಾಗಬಹುದು. ಅದನ್ನು ನಂಬಿ ಕೂರಬಾರದು. ನನ್ನ ಕಂತು 16,500, ಕೈಗೆ ಸಿಗುವುದು 18,400. ಅದಕ್ಕೇ ಮೂರನೇ ಲಾಟ್ ಕೇಳಲಿಲ್ಲ.

ಅರ್ಜಿಗಳು ಜಾಸ್ತಿ ಬಂದಿದ್ದರಿಂದ ನನಗೆ ಒಂದೇ ಲಾಟ್ ಸಿಕ್ಕಿತು. ಪಾಸ್‌ಬುಕ್‌ನಲ್ಲಿ ಐಪಿಒ ಲೆಕ್ಕಕ್ಕೆ ಬಿದ್ದ ಸಾಲು ಒಂದೇ, 14,800 ಖರ್ಚು. ಉಳಿದ 14,800 ‘ಜಮಾ’ ಎಂದು ಎಲ್ಲೂ ಬರುವುದಿಲ್ಲ. ಎಷ್ಟೋ ಜನ ಜಮಾ ಆದ ಸಂದೇಶಕ್ಕೆ ಸುಮ್ನೆ ಕಾಯುತ್ತಾರೆ. ನೋಡಬೇಕಾದ್ದು ಲೀನ್ ಸೊನ್ನೆಯಾಯಿತೇ ಎಂದು. ಕಂತೂ ಹೋದ ಮೇಲೆ ನನ್ನ ಬ್ಯಾಲೆನ್ಸ್ 16,700. ಬಳಸಲು ಸಿಗುವ ಮೊತ್ತವೂ ಅಷ್ಟೇ ತೋರಿಸಿತು. ಎರಡೂ ಒಂದೇ ಆದರೆ ಕೆಲಸ ಮುಗಿದಂತೆ.

ಪರಿಚಯದವರೊಬ್ಬರಿಗೆ ಷೇರು ಸಿಗಲಿಲ್ಲ, ಲಿಸ್ಟಿಂಗ್ ಆದರೂ ಲೀನ್ ಹಾಗೇ ಇತ್ತು. ಷೇರು ಹಂಚಿಕೆಯ ಲೆಕ್ಕ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಪ್ಯಾನ್ ನಂಬರ್ ಹಾಕಿ ಹಂಚಿಕೆ ಇಲ್ಲ ಎಂಬ ಪುಟ ತೆಗೆಸಿಕೊಟ್ಟೆ. ಅರ್ಜಿ ಸಂಖ್ಯೆ, ಮ್ಯಾಂಡೇಟ್ ಸಂಖ್ಯೆ ಬರೆದು ಶಾಖೆಗೆ ಲಿಖಿತ ದೂರು ಕೊಡಿಸಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಅಥವಾ ಅರ್ಜಿ ಮೊತ್ತಕ್ಕೆ ವಾರ್ಷಿಕ ಶೇ 15, ಇವೆರಡರಲ್ಲಿ ಹೆಚ್ಚಿನದ್ದನ್ನು ಪರಿಹಾರ ಕೊಡಬೇಕು ಎಂದು ಷೇರುಪೇಟೆ ನಿಯಂತ್ರಕ ಸೆಬಿ ಹೇಳಿದೆ. ಅದನ್ನೂ ದೂರಿನಲ್ಲಿ ಬರೆಸಿದೆವು. ಲೀನ್ ತೆಗೆದರು.