ಬಲೂನ್ ಒಡೆದು ಕಲ್ಯಾಣ ಮಂಟಪವನ್ನು ಮನೆಗೆ ತಂದದ್ದು

ತಂಗಿ ಹಾಡಿದ ವಚನಕ್ಕೆ ಕಲ್ಯಾಣ ಮಂಟಪದ ಗುಂಗು, ಅಂದರೆ ಅಲ್ಲಿನ ಗೋಡೆಗಳಿಂದ ಮರಳಿ ಬರುವ ಸದ್ದು, ಸೇರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಲು ಕೂತೆ. ಮೊದಲ ಸಾಲು ಮುಗಿಯುವ ಮೊದಲೇ ಹಿಂದೆ ಏನೋ ಪಟಪಟ ಅಂದಿತು. ಎರಡನೇ ಸಾಲಿನಲ್ಲೂ ಅದೇ. ಅವಳು ಒಂದು ಪದ ಬಿಡಿಸಿ ಹೇಳಿ ನಿಲ್ಲಿಸಿದರೆ, ಸರಿಯಾಗಿ ಒಂದೂವರೆ ಸೆಕೆಂಡಿಗೆ ಪಟಪಟ. ಆಮೇಲೆ ನೆನಪಾಯಿತು. ನಾನು ಬಲೂನ್ ಒಡೆದಾಗ ತಾರಸಿಯ ಕೆಳಗೆ ಕೂತಿದ್ದ ಪಾರಿವಾಳ ಬೆದರಿ ಹಾರಿತ್ತು. ಹಾರಿದ್ದು ಒಂದೇ ಸಲ, ಆದರೆ ಈಗ ಪ್ರತಿ ಅಕ್ಷರಕ್ಕೂ ಹಾರುತ್ತಿತ್ತು.

ಒಂದು ಜಾಗದ ಗುಂಗನ್ನು ಬೇರೆಡೆ ಹಾಡಿದ ಹಾಡಿಗೆ ಹಚ್ಚುವ ಕನ್ವಲ್ಯೂಶನ್ ರಿವರ್ಬ್ ಹೇಗೆ ನಡೆಯುತ್ತದೆ ಅಂತ ನನಗೆ ಸರಿಯಾಗಿ ಅರ್ಥವಾದದ್ದು ಆ ಪಾರಿವಾಳದಿಂದಲೇ. ಬಲೂನ್ ಒಡೆದ ಸದ್ದಿಗೆ ಆ ಕೋಣೆ ಕೊಟ್ಟ ಉತ್ತರವನ್ನು ರೆಕಾರ್ಡ್ ಮಾಡಿದರೆ ಅದೇ ಇಂಪಲ್ಸ್ ರೆಸ್ಪಾನ್ಸ್, ಐಆರ್. ಹಾಡಿನ ಒಂದೊಂದು ಸ್ಯಾಂಪಲ್ಲನ್ನೂ, ಅಂದರೆ ಸದ್ದನ್ನು ಅಳೆದ ಒಂದೊಂದು ಕ್ಷಣವನ್ನೂ, ಒಂದೊಂದು ಪುಟ್ಟ ಬಲೂನ್ ಅಂದುಕೊಳ್ಳಿ. ಪ್ರತಿಯೊಂದಕ್ಕೂ ಕೋಣೆ ಅದೇ ಉತ್ತರವನ್ನು ಅದರ ಗಾತ್ರಕ್ಕೆ ತಕ್ಕಂತೆ ಕೊಡುತ್ತದೆ, ಎಲ್ಲವನ್ನೂ ಕೂಡಿಸುತ್ತೇವೆ. ಹಾಗಾಗಿ ಐಆರ್ ಒಳಗೆ ಸಿಕ್ಕಿಕೊಂಡದ್ದೆಲ್ಲ, ಫ್ಯಾನ್, ಕೆಮ್ಮು, ಪಾರಿವಾಳ, ಹಾಡಿನ ಉದ್ದಕ್ಕೂ ಅಚ್ಚು ಬೀಳುತ್ತದೆ.

ನಮ್ಮೂರಿನ ಕಲ್ಯಾಣ ಮಂಟಪ ಸುಮಾರು 24 ಮೀಟರ್ ಉದ್ದ, 12 ಅಗಲ, 6 ಎತ್ತರ. ನೆಲ ಗ್ರಾನೈಟ್, ಗೋಡೆ ಬರೀ ಗಾರೆ. ಮದುವೆ ಇಲ್ಲದ ದಿನ ಬೆಳಿಗ್ಗೆ ಆರಕ್ಕೆ ಹೋದೆ, ರಸ್ತೆಯ ಸದ್ದು ಶುರುವಾಗುವ ಮೊದಲು. ಬಲೂನ್ ಪೊಟ್ಟಣ ನೋಡಿ ವಾಚ್‌ಮನ್ "ಏನ್ ಸಾರ್, ಬರ್ತ್‌ಡೇನಾ?" ಅಂದರು. ಫ್ಯಾನ್, ಟ್ಯೂಬ್‌ಲೈಟ್ ಎಲ್ಲ ಆರಿಸಿ, ಅವರನ್ನೂ ಎರಡು ನಿಮಿಷ ಹೊರಗೆ ನಿಲ್ಲಿಸಿದೆ.

ವೇದಿಕೆಯಲ್ಲಿ ಹಾಡುವವರು ನಿಲ್ಲುವ ಜಾಗದಲ್ಲಿ, ಬಾಯಿಯ ಎತ್ತರಕ್ಕೆ ಬಲೂನ್ ಹಿಡಿದೆ. ರೆಕಾರ್ಡರನ್ನು 8 ಮೀಟರ್ ದೂರ, ಗೋಡೆಗೆ ಹತ್ತಿರವಾಗದಂತೆ ಟ್ರೈಪಾಡ್ ಮೇಲೆ ಇಟ್ಟೆ. ಸ್ಟೀರಿಯೊ, 48 ಕಿಲೋಹರ್ಟ್ಜ್, 24 ಬಿಟ್. ಮೊದಲ ಬಲೂನ್ ದಂಡವಾಯಿತು, ಆಟೋ ಲೆವೆಲ್ ಆರಿಸಿರಲಿಲ್ಲ. ಅದು ಆನ್ ಇದ್ದರೆ 'ಟಪ್' ಅಂದ ತಕ್ಷಣ ಮೈಕ್ ಸದ್ದು ತಗ್ಗುತ್ತದೆ, ಆಮೇಲೆ ಮೆಲ್ಲಗೆ ಏರುತ್ತದೆ. ಕೋಣೆಯ ಗುಂಗು ಹೇಗೆ ಕರಗುತ್ತದೆ ಅನ್ನುವುದೇ ಸುಳ್ಳಾಗುತ್ತದೆ. ಎರಡನೆಯದು ಕ್ಲಿಪ್ ಆಯಿತು. ದೊಡ್ಡದು ಮಾಡಿ ನೋಡಿದರೆ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆ. ಶುರುವಿನ ಸದ್ದು ಕುಗ್ಗಿ, ಬಾಲವೇ ಜಾಸ್ತಿ ಅನಿಸುತ್ತದೆ. ಗೇನ್ ಇನ್ನೂ ಇಳಿಸಿದೆ, ಪೀಕ್ ಮೈನಸ್ 8 ಡೆಸಿಬೆಲ್‌ಗೆ ಬಂತು. ಅಂದಹಾಗೆ, ಒಡೆಯುವವರು ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಬೇಕು. ಕೈಯಳತೆಯಲ್ಲಿ ಅದು ಪಟಾಕಿಯೇ.

ಒಟ್ಟು ಎಂಟು ಒಡೆದೆ. ಯಾವ ಎರಡೂ ಒಂದೇ ಥರ ಇರಲಿಲ್ಲ. ಬಲೂನ್ ಎಲ್ಲ ಕಡೆಗೂ ಸಮನಾಗಿ ಸದ್ದು ಎಸೆಯುವುದಿಲ್ಲ, ಸೂಜಿ ಚುಚ್ಚಿದ ಜಾಗ ಬದಲಾದರೆ ಸದ್ದೂ ಬದಲಾಗುತ್ತದೆ. ಆದ್ದರಿಂದ ಎಂಟನ್ನೂ ಕೂಡಿಸಿ ಸರಾಸರಿ ತೆಗೆಯಲು ಹೋಗಬೇಡಿ, ಮಸುಕಾಗುತ್ತದೆ. ಸ್ಪೀಕರಿನಿಂದ ಸೈನ್ ಸ್ವೀಪ್, ಅಂದರೆ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗುವ ಸ್ವರ, ನುಡಿಸಿ ಅಳೆಯುವುದು ಇದಕ್ಕಿಂತ ಒಳ್ಳೆಯ ದಾರಿ, ನಿಜ. ಆದರೆ ಒಳ್ಳೆ ಸ್ಪೀಕರ್ ಹೊತ್ತುಕೊಂಡು ಹೋಗಬೇಕು, ಕರೆಂಟ್ ಬೇಕು. ಬಲೂನ್ ಜೇಬಿನಲ್ಲಿ ಹಿಡಿಯುತ್ತದೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಗುಂಗನ್ನು ಸ್ಟ್ಯಾನ್‌ಫರ್ಡ್‌ನವರು 2010ರಲ್ಲಿ ಹಿಡಿದದ್ದೂ ಬಲೂನ್ ಒಡೆದೇ. ಅವರೂ ಅದನ್ನು ಹಸಿಹಸಿಯಾಗಿ ಬಳಸಲಿಲ್ಲ, ಸಾಕಷ್ಟು ತಿದ್ದಿದರು.

ತಿದ್ದುವುದೇ ಅರ್ಧ ಕೆಲಸ. ಮೊದಲು ಶುರುವಿನ ಖಾಲಿ ಭಾಗ ಕತ್ತರಿಸಿದೆ. ಅದನ್ನು ಹಾಗೇ ಉಳಿಸಿದರೆ ಇಡೀ ಹಾಡು ಅಷ್ಟು ತಡವಾಗಿ ಗುಂಗಾಗುತ್ತದೆ. ಆಮೇಲೆ ಬಾಲ. ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಅಲೆಯನ್ನು ಡೆಸಿಬೆಲ್ ನೋಟಕ್ಕೆ ಬದಲಿಸಿದರೆ ಗುಂಗು ಒಂದು ನೇರ ಇಳಿಜಾರಿನಂತೆ ಕಾಣುತ್ತದೆ. ಒಂದು ಹಂತದಲ್ಲಿ ಇಳಿಜಾರು ನಿಂತು ನೆಲ ಸಮತಟ್ಟಾಗುತ್ತದೆ. ಆ ಸಮತಟ್ಟು ಕೋಣೆಯದಲ್ಲ, ರೆಕಾರ್ಡರಿನ ಮತ್ತು ಹೊರಗಿನ ಗದ್ದಲದ್ದು. ನನ್ನದರಲ್ಲಿ ಪೀಕ್‌ಗಿಂತ 5 ಡೆಸಿಬೆಲ್ ಕೆಳಗಿನಿಂದ 35 ಕೆಳಕ್ಕೆ ಇಳಿಯಲು 1.4 ಸೆಕೆಂಡ್ ಹಿಡಿಯಿತು. ಇಮ್ಮಡಿ ಮಾಡಿದರೆ 60 ಡೆಸಿಬೆಲ್ ಇಳಿಯಲು 2.8 ಸೆಕೆಂಡ್. ಗದ್ದಲದ ನೆಲ ಪೀಕ್‌ಗಿಂತ ಸುಮಾರು 50 ಕೆಳಗಿತ್ತು, ಅಂದರೆ 2.3 ಸೆಕೆಂಡಿನ ಆಚೆ ಮಂಟಪವೇ ಇಲ್ಲ. 2.0ರಿಂದ 2.4ರವರೆಗೆ ಫೇಡ್ ಕೊಟ್ಟು ಉಳಿದದ್ದನ್ನು ಎಸೆದೆ. ಮೊದಲ ಪ್ರಯತ್ನದಲ್ಲಿ ಆರು ಸೆಕೆಂಡ್ ಪೂರ್ತಿ ಬಿಟ್ಟಿದ್ದೆ. ತಂಗಿ ಹಾಡಿದಾಗಲೆಲ್ಲ ಹಿಂದೆ ಸೊಯ್ ಅಂತ ಗಾಳಿ ಬೀಸಿದಂತೆ ಏಳುತ್ತಿತ್ತು, ಅವಳು ನಿಲ್ಲಿಸಿದ ಮೇಲೂ ನಿಲ್ಲುತ್ತಿರಲಿಲ್ಲ. ಪಾರಿವಾಳಕ್ಕೆ ಮಾತ್ರ ಮದ್ದಿಲ್ಲ. ಆ ಟೇಕ್ ಬಿಟ್ಟು ಇನ್ನೊಂದು ತೆಗೆದುಕೊಂಡೆ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ಮೂಲ ಹಾಡಿನ ಜೊತೆ ಗುಂಗನ್ನು ಬೆರೆಸಿದಾಗ ದನಿ ಡಬ್ಬದೊಳಗಿಂದ ಬಂದಂತೆ ಆಯಿತು. ಐಆರ್‌ನ ಶುರುವಿನಲ್ಲಿ ಬಲೂನಿನಿಂದ ಮೈಕಿಗೆ ನೇರವಾಗಿ ಬಂದ 'ಟಪ್' ಇರುತ್ತದಲ್ಲ, ಅದು ದನಿಯ ಎರಡನೇ ಪ್ರತಿಯನ್ನು, ಬಲೂನಿನ ಬಣ್ಣ ಹಚ್ಚಿ, ಮೂಲದ ಮೇಲೇ ಕೂರಿಸುತ್ತದೆ. ಮೊದಲ 5 ಮಿಲಿಸೆಕೆಂಡನ್ನು ಸೊನ್ನೆ ಮಾಡಿದೆ. ಕತ್ತರಿಸಲಿಲ್ಲ, ಮೌನ ಮಾಡಿದೆ ಅಷ್ಟೇ. ಕತ್ತರಿಸಿದರೆ ಆಮೇಲಿನ ಪ್ರತಿಫಲನಗಳೆಲ್ಲ ಅಷ್ಟು ಬೇಗ ಬಂದುಬಿಡುತ್ತವೆ. ಡಬ್ಬ ಹೋಯಿತು.

ಬಲೂನಿಗೆ ಬೇಸ್ ಕಡಿಮೆ. ದೊಡ್ಡ ಬಲೂನ್ ಆದಷ್ಟೂ ಶಕ್ತಿ ಕೆಳಗಿನ ಸ್ವರಗಳ ಕಡೆ ಸರಿಯುತ್ತದೆ, ಆದರೆ ನನ್ನ 30 ಸೆಂಟಿಮೀಟರಿನವು ಅಲ್ಲಿ ಸೊರಗಿದ್ದವು. ಬಲೂನಿನ ಸ್ವಂತ ಬಣ್ಣ ಯಾವುದು, ಮಂಟಪದ್ದು ಯಾವುದು ಅಂತ ಬೇರೆ ಮಾಡಲು ಅದೇ ಪೊಟ್ಟಣದ ಒಂದನ್ನು ಖಾಲಿ ಮೈದಾನದಲ್ಲಿ ಒಡೆದೆ, ರೆಕಾರ್ಡರನ್ನು ನೆಲದ ಮೇಲೇ ಮಲಗಿಸಿ. ಆ ಸ್ಪೆಕ್ಟ್ರಮ್ ನೋಡಿ, ಉಬ್ಬಿದ್ದ ಕಡೆ ಐಆರ್‌ನ ಈಕ್ಯೂ ಸ್ವಲ್ಪ ಇಳಿಸಿದೆ, ತಗ್ಗಿದ್ದ ಕಡೆ ಸ್ವಲ್ಪ ಏರಿಸಿದೆ. ತೀರ ಕೆಳಗೆ ಏರಿಸಲು ಹೋದರೆ ಬರುವುದು ಬೇಸ್ ಅಲ್ಲ, ಗದ್ದಲ. ಹೇಗೂ ಹೆಣ್ಣುದನಿ ತಾನೇ, ಅಲ್ಲಿಗೆ ಬಿಟ್ಟೆ. ತಬಲಾ ಆಗಿದ್ದರೆ ಈ ಐಆರ್ ಸಾಲುತ್ತಿರಲಿಲ್ಲ.

ಹಾಡಿನಿಂದ ಗುಂಗು ಹುಟ್ಟಿಸುವ ಕೆಲಸ ಇಷ್ಟೇ:

```python
import numpy as np
import soundfile as sf
from scipy.signal import fftconvolve

x, sr = sf.read("hadu.wav")       # ಮೋನೊ
h, sr2 = sf.read("mantapa.wav")   # ಸ್ಟೀರಿಯೊ
assert sr == sr2
y = np.stack([fftconvolve(x, h[:, c]) for c in (0, 1)], axis=1)
y /= np.abs(y).max() * 1.1
sf.write("gungu.wav", y, sr)
```

`assert` ಸುಮ್ನೆ ಹಾಕಿದ್ದಲ್ಲ. 44.1ರ ಹಾಡಿಗೆ 48ರ ಐಆರ್ ಹಾಗೇ ಕೊಟ್ಟರೆ ಮಂಟಪ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಇನ್ನು `fftconvolve` ಯಾಕೆ ಅಂದರೆ, 2.4 ಸೆಕೆಂಡಿನ ಐಆರ್‌ನಲ್ಲಿ 1,15,200 ಸ್ಯಾಂಪಲ್‌ಗಳಿವೆ. ನೇರವಾಗಿ ಗುಣಿಸುತ್ತ ಹೋದರೆ ಒಂದು ಸೆಕೆಂಡ್ ಹಾಡಿಗೆ, ಒಂದೊಂದು ಚಾನೆಲ್‌ಗೂ, 550 ಕೋಟಿಗಿಂತ ಜಾಸ್ತಿ ಗುಣಾಕಾರ. ಎಫ್‌ಎಫ್‌ಟಿ ಅನ್ನುವ ಲೆಕ್ಕದ ಒಳದಾರಿಯಲ್ಲಿ ಟೀ ಕಾಯಿಸುವುದರೊಳಗೆ ಮುಗಿಯಿತು.

ಗುಂಗನ್ನು ಮೂಲಕ್ಕಿಂತ 14 ಡೆಸಿಬೆಲ್ ಕೆಳಗಿಟ್ಟು ತಂಗಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. "ಮಂಟಪ ಹೌದು ಅಣ್ಣ, ಆದ್ರೆ ಯಾರೂ ಬಂದಿಲ್ಲ" ಅಂದಳು. ಸರಿಯಾಗೇ ಹಿಡಿದಳು. ಜನ ತುಂಬಿದ ಮಂಟಪದಲ್ಲಿ ಸೀರೆ, ಶಾಲು, ಮೈಯೆಲ್ಲ ಸದ್ದು ಹೀರಿಕೊಂಡು ಗುಂಗು ಬೇಗ ಸಾಯುತ್ತದೆ. ನಾನು ಹಿಡಿದು ತಂದದ್ದು ಬೆಳಿಗ್ಗೆ ಆರರ ಖಾಲಿ ಮಂಟಪವನ್ನು. ಬಾಲಕ್ಕೆ ಇನ್ನೊಂದು ಇಳಿಜಾರು ಕೊಟ್ಟು, ಆ 2.8 ಸೆಕೆಂಡನ್ನು 1.6ಕ್ಕೆ ಇಳಿಸಿ ಇನ್ನೊಂದು ಪ್ರತಿ ಮಾಡಿದೆ. ಅವಳು ಇಟ್ಟುಕೊಂಡದ್ದು ಮಾತ್ರ ಖಾಲಿಯದನ್ನೇ.