ಕೊನೆಗೂ ಬರ್ಜೀಲ್ ಗಾಳಿ ಕೊಟ್ಟಿತು

ಯುಎಇಯ ಅಲ್ ಐನ್ ಹತ್ತಿರದ ತೋಟದ ಮನೆಯೊಂದರ ಮಜ್ಲಿಸ್‌ಗೆ, ಅಂದರೆ ಅತಿಥಿಗಳು ದಿಂಬಿಗೊರಗಿ ಕೂರುವ ಕೋಣೆಗೆ, ನಾಲ್ಕು ಬಾಯಿಯ ಬರ್ಜೀಲ್ ಕಟ್ಟಿದ್ದೆವು. ಬರ್ಜೀಲ್ ಅಂದರೆ ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗೋಪುರ. ಚಾವಣಿಯಿಂದ ಮೇಲಕ್ಕೆ ಸುಮಾರು 6 ಮೀಟರ್ ಎತ್ತರ. ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆ. ನೋಡಲು ಚೆನ್ನಾಗಿತ್ತು, ಗಾಳಿ ಮಾತ್ರ ಇಲ್ಲ. ಮಾಲೀಕರ ತಮ್ಮ ಬಂದು, "ಸುಮ್ನೆ ಒಂದು ಎಸಿ ಹಾಕಿಸಿ" ಎಂದರು. ನಮ್ಮ ಮೇಸ್ತ್ರಿಗೂ ನಂಬಿಕೆ ಇರಲಿಲ್ಲ.

ಮೇಲೆ ಗಾಳಿ ಜೋರಾಗಿಯೇ ಇತ್ತು. ಹಾಗಾದರೆ ಅದು ಹೋಗ್ತಿರೋದು ಎಲ್ಲಿಗೆ? ಗಾಳಿ ಬರುವ ವಾಯವ್ಯದ ಬಾಯಲ್ಲಿ ಒಂದು ಹಿಡಿ ಊದುಬತ್ತಿ ಹಿಡಿದೆ. ಹೊಗೆ ಚಾವಣಿಯವರೆಗೆ ಇಳಿಯಿತು, ಅಡ್ಡಗೋಡೆಯ ತುದಿ ಬಳಸಿ ಎದುರಿನ ಕೊಳವೆಯಲ್ಲಿ ಮೇಲೇರಿ ಹೊರಟೇ ಹೋಯಿತು. ಕೆಳಗೆ ಕೂತವರಿಗೆ ವಾಸನೆಯೂ ಬರಲಿಲ್ಲ.

ಕಾರಣ ಸರಳ. ಗಾಳಿ ಬಡಿಯುವ ಬದಿಯಲ್ಲಿ ಒತ್ತಡ, ಹಿಂಬದಿಯಲ್ಲಿ ಸೆಳೆತ. ಸೆಕೆಂಡಿಗೆ 4 ಮೀಟರ್ ಗಾಳಿಗೆ ಸಿಗುವ ಒತ್ತಡ 9 ಪಾಸ್ಕಲ್ ಆಸುಪಾಸು, ಅಂದರೆ ಹನ್ನೊಂದು-ಹನ್ನೆರಡು ಜೆರಾಕ್ಸ್ ಹಾಳೆ ಒಂದರ ಮೇಲೊಂದು ಇಟ್ಟಷ್ಟೇ ಭಾರ. ಅಷ್ಟು ಬಡ ಒತ್ತಡ ಹತ್ತಿರದ ದಾರಿ ಬಿಟ್ಟು ಕೋಣೆ ಸುತ್ತಿ ಬರುತ್ತಾ? ದುಬೈನ ಬಸ್ತಕಿಯಾದ ಹಳೇ ಮನೆಗಳಲ್ಲಿ ಕೊಳವೆ ಚಾವಣಿಯಲ್ಲಿ ನಿಲ್ಲುವುದಿಲ್ಲ, ಆಳೆತ್ತರದವರೆಗೆ ಇಳಿದಿರುತ್ತದೆ. ನಮ್ಮ ನಕ್ಷೆಯಲ್ಲಿ ಅಲಂಕಾರಕ್ಕೆಂದು ಅದನ್ನೇ ಕತ್ತರಿಸಿದ್ದರು.

ಮೊದಲು ಪ್ಲೈವುಡ್ ಹಲಗೆ ಕಟ್ಟಿ ಅಡ್ಡಗೋಡೆಯನ್ನೂ ಕೊಳವೆಯ ಸುತ್ತುಗೋಡೆಯನ್ನೂ ತಲೆಮಟ್ಟಕ್ಕೆ ಇಳಿಸಿ ನೋಡಿದೆ. ಹೊಗೆ ದಿಂಬಿನ ಮೇಲೆ ಹರಿಯಿತು. ಆಮೇಲೆ ಆಗ್ನೇಯದ ಅಂಗಳದ ಗೋಡೆಯಲ್ಲಿ ಕಿಂಡಿ ಬಿಡಿಸಿದೆ. ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕಲ್ವಾ? ಕಿಂಡಿ ಎಷ್ಟು ಅಗಲ ಅಂತ ಮಾತ್ರ ಹೇಳಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಒಟ್ಟು ಒಂಬತ್ತು ಸಾವಿರ ದಿರ್ಹಮ್ ಹತ್ತಿರ ಖರ್ಚಾಯಿತು. ಅರ್ಧ ನನ್ನ ಕೈಯಿಂದಲೇ ಹೋಯಿತು.

ನಡುವೆ ಕೂಲರ್ ಪ್ಯಾಡ್ ಕೂಡ ಕೊಳವೆಯಲ್ಲಿ ಕೂರಿಸಿ ನೋಡಿದ್ದೆ. ಗಾಳಿ ತಣ್ಣಗಾಯಿತು, ಆದರೆ ಬರೋದೇ ನಿಂತಿತು. ಪ್ಯಾಡ್ ದಾಟಿ ಗಾಳಿ ನೂಕಲು ಫ್ಯಾನ್ ಬೇಕು, 9 ಪಾಸ್ಕಲ್‌ಗೆ ಆ ತಾಕತ್ತಿಲ್ಲ. ಬದಲಿಗೆ ಒದ್ದೆ ಗೋಣಿಪಟ್ಟಿಗಳನ್ನು ಗಾಳಿಗೆ ಅಡ್ಡ ಬಾರದಂತೆ ಉದ್ದಕ್ಕೆ ಇಳಿಬಿಟ್ಟೆ. ಹೊರಗೆ 42 ಡಿಗ್ರಿ ಇದ್ದ ಮಧ್ಯಾಹ್ನ ಕೆಳಗೆ 33ರ ಹತ್ತಿರ ತೋರಿಸಿತು. ಆರ್ದ್ರತೆ ಜಾಸ್ತಿ ಇರುವ ದಿನ ಗೋಣಿ ತೆಗೆದುಬಿಡಬೇಕು, ಇಲ್ಲದಿದ್ದರೆ ಬರೀ ಸೆಕೆ.

ಗಾಳಿಯೇ ಇಲ್ಲದ ಹಗಲು ಇದು ಉಲ್ಟಾ. ಬಿಸಿಲಿಗೆ ಕಾದ ಗೋಪುರ ಒಳಗಿನ ಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ, ಬಿಸಿ ಗಾಳಿ ಬಾಗಿಲಿನಿಂದ ನುಗ್ಗುತ್ತದೆ. ಆಗ ಕೆಳಗಿನ ಮರದ ಮುಚ್ಚಳ ಹಾಕಿಬಿಡಿ. ಮಾಲೀಕರ ತಮ್ಮ ಈಗ ತಮ್ಮ ಮನೆಗೂ ಒಂದು ಕೇಳಿದ್ದಾರೆ. ಈ ಸಲ ಮುಂಗಡ ಪೂರ್ತಿ ತಗೊಂಡೇ ಶುರು.